ಸಾಲದ ಮಾಸಿಕ ಕಂತು ಮತ್ತು ನಿಜವಾದ ಬಡ್ಡಿದರ: ಹಣದ ಕಾಲಮೌಲ್ಯದ ಪರಿಚಯ

ಈ ದಿನ ಕೈಗೆ ಬರುವ 100 ರೂ. ಮತ್ತು ಒಂದು ವರ್ಷದ ನಂತರ ಬರುವ 100 ರೂ. ಸಮವಲ್ಲ. ಇಂದಿನ 100 ರೂ.ಗಳನ್ನು ಶೇ. 8ರ ಬಡ್ಡಿಗೆ ಠೇವಣಿ ಇಟ್ಟಲ್ಲಿ ವರ್ಷಾಂತ್ಯಕ್ಕೆ ಅದು 108 ರೂ. ಆಗುತ್ತದೆ. ಆದುದರಿಂದ ವರ್ಷದ ನಂತರ ದೊರೆಯುವ 108 ರೂ.ಗಳ ಇಂದಿನ ಮೌಲ್ಯ 100 ರೂ. ಮಾತ್ರ. ಇದನ್ನೇ ಹಣದ ಕಾಲಮೌಲ್ಯ ಎಂದು ಕರೆಯಲಾಗುತ್ತದೆ.

ಎರಡನೆಯ ವರ್ಷ ಬಡ್ಡಿಯು 100 ರೂ.ಗಳ ಮೇಲಲ್ಲದೆ 108 ರೂ.ಗಳ ಮೇಲೆ ಬೆಳೆಯುವುದರಿಂದ ಮೊತ್ತ 116.64 ರೂ. ಆಗುತ್ತದೆ. ಇದು ಚಕ್ರಬಡ್ಡಿ. ಅಸಲು P, ಪ್ರತಿ ಅವಧಿಯ ಬಡ್ಡಿದರ i, ಅವಧಿಗಳ ಸಂಖ್ಯೆ n ಆದಾಗ ಕೊನೆಯ ಮೊತ್ತ A ಹೀಗಿರುತ್ತದೆ:

```
A = P × (1 + i)^n
```

ಭವಿಷ್ಯದ ಮೊತ್ತವನ್ನು (1 + i)^n ನಿಂದ ಭಾಗಿಸಿದರೆ ಅದರ ಇಂದಿನ ಮೌಲ್ಯ ದೊರೆಯುತ್ತದೆ.

ವರ್ಷಾಶನ

ಸಮಾನ ಅಂತರದಲ್ಲಿ ಸಲ್ಲುವ ಸಮಾನ ಮೊತ್ತಗಳ ಸಾಲಿಗೆ ವರ್ಷಾಶನ ಎಂದು ಹೆಸರು. ಹೆಸರಿನಲ್ಲಿ ವರ್ಷವಿದ್ದರೂ ಪಾವತಿಯು ತಿಂಗಳಿಗೊಮ್ಮೆಯೂ ಇರಬಹುದು. ಸಾಲದ ಮಾಸಿಕ ಕಂತು ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಪ್ರತಿ ಕಂತಿನ ಇಂದಿನ ಮೌಲ್ಯವನ್ನು ಕಂಡುಹಿಡಿದು ಕೂಡಿಸಿದಾಗ ಬರುವ ಮೊತ್ತವು ಸಾಲಗಾರನ ಕೈಗೆ ಬಂದ ಸಾಲದ ಮೊತ್ತಕ್ಕೆ ಸಮವಾಗಿರಬೇಕು. ಕಂತು E ಆದಾಗ:

```
P = E × [1 − (1 + i)^(−n)] / i
```

ಸಾಲದ ನಿಜವಾದ ದರವನ್ನು ಪರೀಕ್ಷಿಸುವ ಸಾಧನ ಈ ಸೂತ್ರವೇ.

ಒಂದು ಉದಾಹರಣೆ

ಒಬ್ಬ ಸಾಲಗಾರನಿಗೆ 1,00,000 ರೂ. ಸಾಲವನ್ನು "ವಾರ್ಷಿಕ ಶೇ. 12, ಫ್ಲಾಟ್ ದರ" ಎಂದು ತಿಳಿಸಿ 12 ಮಾಸಿಕ ಕಂತುಗಳಲ್ಲಿ ತೀರಿಸಲು ಹೇಳಲಾಗಿದೆ ಎಂದು ಭಾವಿಸೋಣ. ಫ್ಲಾಟ್ ಕ್ರಮದಲ್ಲಿ ಬಡ್ಡಿಯನ್ನು ಇಡೀ ಅವಧಿಗೆ ಮೂಲ ಸಾಲದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಬಡ್ಡಿ 12,000 ರೂ., ಒಟ್ಟು 1,12,000 ರೂ., ತಿಂಗಳ ಕಂತು 9,333.33 ರೂ.

ದರವು ನಿಜವಾಗಿ ಶೇ. 12 ಆಗಿದ್ದಲ್ಲಿ ತಿಂಗಳಿಗೆ ಶೇ. 1 ಆಗುತ್ತದೆ. ಆ ದರದಲ್ಲಿ 12 ಕಂತುಗಳ ಗುಣಕ, ಅಂದರೆ ಸೂತ್ರದಲ್ಲಿ E ಯನ್ನು ಗುಣಿಸುವ ಸಂಖ್ಯೆ, 11.2551. ಇದರಿಂದ ಕಂತುಗಳ ಇಂದಿನ ಮೌಲ್ಯ ಸುಮಾರು 1,05,048 ರೂ. ಆಗುತ್ತದೆ. ಸಾಲಗಾರನ ಕೈಗೆ ಬಂದಿರುವುದು 1,00,000 ರೂ. ಮಾತ್ರ, ಆದುದರಿಂದ ದರ ಶೇ. 12ಕ್ಕಿಂತ ಹೆಚ್ಚಿರಲೇಬೇಕು. ಬೇರೆ ಬೇರೆ ದರಗಳನ್ನು ಹಾಕಿ ನೋಡಿದಾಗ ತಿಂಗಳಿಗೆ ಸುಮಾರು ಶೇ. 1.788ರಲ್ಲಿ, ಅಂದರೆ ವರ್ಷಕ್ಕೆ ಸುಮಾರು ಶೇ. 21.5ರಲ್ಲಿ, ಎರಡೂ ಬದಿಗಳು ಸಮವಾಗುತ್ತವೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಪಡೆಯಬಹುದು:

```
=RATE(12,-9333.33,100000)*12
```

ಕಾರಣ ಸರಳ. ಸಾಲಗಾರನು ಪ್ರತಿ ತಿಂಗಳು ಅಸಲಿನ ಭಾಗವನ್ನು ಹಿಂದಿರುಗಿಸುತ್ತಾ ಹೋಗುವುದರಿಂದ ವರ್ಷದಲ್ಲಿ ಸರಾಸರಿ ಸುಮಾರು 54,000 ರೂ.ಗಳಷ್ಟೇ ಅವನ ಬಳಿ ಉಳಿದಿರುತ್ತದೆ. ಬಡ್ಡಿಯನ್ನು ಮಾತ್ರ ಪೂರ್ಣ ಲಕ್ಷಕ್ಕೆ ತೆರುತ್ತಾನೆ. ಉಳಿದ ಬಾಕಿಯ ಮೇಲೆ ಮಾತ್ರ ಶೇ. 12ರಂತೆ ಬಡ್ಡಿ ಹಾಕಿದ್ದಲ್ಲಿ ಕಂತು 8,884.88 ರೂ. ಹಾಗೂ ಒಟ್ಟು ಬಡ್ಡಿ ಸುಮಾರು 6,619 ರೂ. ಆಗುತ್ತಿತ್ತು.

ಒಂದೆರಡು ವರ್ಷಗಳ ಸಾಲಗಳಲ್ಲಿ ನಿಜ ದರವು ಫ್ಲಾಟ್ ದರದ ದುಪ್ಪಟ್ಟಿಗೆ ಸಮೀಪವಿರುತ್ತದೆ. ದೀರ್ಘಾವಧಿಯಲ್ಲಿ ಈ ಅಂದಾಜು ಸಡಿಲಗೊಳ್ಳುವುದರಿಂದ ಲೆಕ್ಕ ಹಾಕಿ ನೋಡುವುದೇ ಸೂಕ್ತ. ಸಂಸ್ಕರಣಾ ಶುಲ್ಕವನ್ನು ಸಾಲದಿಂದಲೇ ಮುರಿದುಕೊಂಡರೆ ದರ ಮತ್ತೂ ಏರುತ್ತದೆ: ಮೇಲಿನ ಸಾಲದಲ್ಲಿ 2,000 ರೂ. ಕಳೆದು 98,000 ರೂ. ಕೈಗೆ ಬಂದಲ್ಲಿ ಅದು ಸುಮಾರು ಶೇ. 25.4 ಆಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕಿನ 2024ರ ಸೂಚನೆಯಂತೆ, 2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಚಿಲ್ಲರೆ ಸಾಲಗಳಿಗೆ, ಕಿರು, ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಅವಧಿ ಸಾಲಗಳಿಗೆ ಪ್ರಮುಖ ಅಂಶಗಳ ಪತ್ರವನ್ನು ನೀಡಬೇಕಾಗಿದ್ದು, ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವನ್ನು ಅದರಲ್ಲಿ ನಮೂದಿಸಲಾಗುತ್ತದೆ. ಸಾಲಗಾರರು ಜಾಹೀರಾತಿನ ದರಕ್ಕೆ ಬದಲಾಗಿ ಈ ದರವನ್ನು ಹೋಲಿಸಿ ನೋಡತಕ್ಕದ್ದು.

ಅಭ್ಯಾಸ ಲೆಕ್ಕಗಳು

1. 10,000 ರೂ.ಗಳನ್ನು ವಾರ್ಷಿಕ ಶೇ. 8ರ ಚಕ್ರಬಡ್ಡಿಗೆ 3 ವರ್ಷ ಇಟ್ಟರೆ ದೊರೆಯುವ ಮೊತ್ತವೆಷ್ಟು?

2. ಎರಡು ವರ್ಷಗಳ ನಂತರ ಬರಬೇಕಾದ 50,000 ರೂ.ಗಳ ಇಂದಿನ ಮೌಲ್ಯ, ವಾರ್ಷಿಕ ಶೇ. 10ರ ದರದಲ್ಲಿ ಎಷ್ಟು?

3. 60,000 ರೂ. ಸಾಲ, ಫ್ಲಾಟ್ ದರ ಶೇ. 10, 24 ಕಂತುಗಳು. ತಿಂಗಳಿಗೆ ಶೇ. 1.5ರ ದರದಲ್ಲಿ 24 ಕಂತುಗಳ ಗುಣಕ 20.0304. ಕಂತು ಎಷ್ಟು? ನಿಜ ದರವು ವರ್ಷಕ್ಕೆ ಶೇ. 18ಕ್ಕಿಂತ ಹೆಚ್ಚೋ ಕಡಿಮೆಯೋ?

ಉತ್ತರಗಳು: (1) 12,597.12 ರೂ. (2) 41,322.31 ರೂ. (3) ಕಂತು 3,000 ರೂ. ಶೇ. 1.5ರಲ್ಲಿ ಕಂತುಗಳ ಇಂದಿನ ಮೌಲ್ಯ ಸುಮಾರು 60,091 ರೂ.; ಇದು ಸಾಲಕ್ಕಿಂತ ತುಸು ಹೆಚ್ಚಿರುವುದರಿಂದ ನಿಜ ದರವು ಶೇ. 18ಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು ಶೇ. 18.2.