ಮೂರು ಸಲ ಹೇಳಿ ಸಮ್‌ಗೆ ಬೀಳುವುದು: ತಿಹಾಯಿಯ ಲೆಕ್ಕ ಏನು?

ತಬಲಾ ಸೋಲೋ ಕೇಳುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಹಾರ್ಮೋನಿಯಂ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದೆ. ತಬಲಾದವರು ಏನೇನೋ ನುಡಿಸುತ್ತಾ ಹೋಗಿ, ಇದ್ದಕ್ಕಿದ್ದಂತೆ ಒಂದು ಸಣ್ಣ ತುಣುಕನ್ನು ಹಿಡಿದುಕೊಳ್ಳುತ್ತಾರೆ. ಅದನ್ನೇ ಇನ್ನೊಮ್ಮೆ. ಅದನ್ನೇ ಮಗದೊಮ್ಮೆ. ಮೂರನೇ ಸಲದ ಕೊನೆಯ ‘ಧಾ’ ಬೀಳುವ ಕ್ಷಣಕ್ಕೆ ಸರಿಯಾಗಿ ಹಾರ್ಮೋನಿಯಂನ ಸಾಲೂ ತನ್ನ ಮೊದಲ ಸ್ವರಕ್ಕೆ ವಾಪಸ್ ಬಂದಿರುತ್ತದೆ. ಸಭೆಯಲ್ಲಿ ‘ಆಹಾ’ ಅನ್ನುವ ಉದ್ಗಾರ. ತಾಳದ ಗಂಧಗಾಳಿ ಇಲ್ಲದವರೂ ತಲೆ ಆಡಿಸಿರುತ್ತಾರೆ.

ಇದೇ ತಿಹಾಯಿ. ಒಂದೇ ಪದಗುಚ್ಛವನ್ನು ಸಮಾನ ಅಂತರದಲ್ಲಿ ಮೂರು ಸಲ ನುಡಿಸಿ, ಮೂರನೆಯದರ ಕೊನೆಯ ಪೆಟ್ಟನ್ನು ತಾಳದ ಮೊದಲ ಮಾತ್ರೆಯ ಮೇಲೆ, ಅಂದರೆ ‘ಸಮ್’ ಮೇಲೆ ಬೀಳಿಸುವುದು. ತಬಲಾ, ಕಥಕ್, ಸಿತಾರ್, ಗಾಯನ ಎಲ್ಲದರಲ್ಲೂ ಇದೆ. ಮ್ಯಾಜಿಕ್ ತರ ಕಂಡರೂ ಇದರ ಹಿಂದೆ ಇರುವುದು ಒಂದೇ ಸಾಲಿನ ಸಮೀಕರಣ. ಆದರೆ ತಿಹಾಯಿ ನಿಲ್ಲುವುದೂ ಬೀಳುವುದೂ ಬಹುಪಾಲು ಪೆಟ್ಟುಗಳ ನಡುವೆ ಬಿಡುವ ಖಾಲಿ ಜಾಗದಲ್ಲಿ. ಅದು ಯಾಕೆ ಅಂತ ನೋಡೋಣ.

ಮೊದಲು ತಾಳ

ಹಿಂದೂಸ್ತಾನಿಯಲ್ಲಿ ಅತಿ ಹೆಚ್ಚು ಕೇಳಿಬರುವ ತೀನ್‌ತಾಲ್ ತೆಗೆದುಕೊಳ್ಳಿ. 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. 1, 5 ಮತ್ತು 13ರಲ್ಲಿ ಚಪ್ಪಾಳೆ. 9ರಲ್ಲಿ ಚಪ್ಪಾಳೆ ಇಲ್ಲ, ಕೈ ಬೀಸುತ್ತಾರೆ, ಅದು ‘ಖಾಲಿ’. 16 ಮುಗಿದ ಮೇಲೆ 17 ಅಂತ ಇಲ್ಲ, ಮತ್ತೆ 1. ಆ 1 ಇದೆಯಲ್ಲ, ಅದು ಹಳೆಯ ಆವರ್ತನದ ಕೊನೆಯೂ ಹೌದು, ಹೊಸದರ ಶುರುವೂ ಹೌದು.

ತಾಳದ ಮೂಲ ನುಡಿಸಾಣಿಕೆಯಾದ ‘ಠೇಕಾ’ದಲ್ಲಿ 10ರಿಂದ 13ರವರೆಗೆ ಎಡಗೈ ತಬಲಾದ ಗುಂಯ್‌ಗುಡುವ ನಾದ ನಿಂತುಹೋಗುತ್ತದೆ, 14ಕ್ಕೆ ಮರಳಿ ಬರುತ್ತದೆ. ಎಣಿಸಲು ಬಾರದವರಿಗೂ ಇದೊಂದು ಗುರುತು. ಗುಂಯ್ ಸದ್ದು ವಾಪಸ್ ಬಂತೆಂದರೆ ಸಮ್‌ಗೆ ಮೂರೇ ಹೆಜ್ಜೆ.

ಸಮೀಕರಣ

ಪದಗುಚ್ಛದ ಉದ್ದ, ಕೊನೆಯ ಧಾ ಸೇರಿಸಿ, ಇಷ್ಟು ಮಾತ್ರೆ ಅಂತ ಇಟ್ಟುಕೊಳ್ಳಿ. ಮೂರು ಪದಗಳ ನಡುವೆ ಎರಡು ಬಿಡುವು. ಆಗ:

3 × ಪದ + 2 × ಬಿಡುವು = ಸಮ್‌ವರೆಗೆ ಉಳಿದಿರುವ ಮಾತ್ರೆ + 1

ಆ ‘+ 1’ ಎಲ್ಲಿಂದ ಬಂತು? ಬೇಲಿ ಹಾಕಿದವರಿಗೆ ಗೊತ್ತು, ಹತ್ತು ಅಂಕಣದ ಬೇಲಿಗೆ ಹನ್ನೊಂದು ಗೂಟ ಬೇಕು. ಕೊನೆಯ ಧಾ ಬೀಳುವುದು ಈ ಆವರ್ತನದ ಒಳಗಲ್ಲ, ಮುಂದಿನದರ ಮೊದಲ ಮಾತ್ರೆಯ ಮೇಲೆ. ಆ ಹೆಚ್ಚುವರಿ ಗೂಟವೇ ಈ ಒಂದು. ಹೊಸದಾಗಿ ಕಲಿಯುವವರು ಇದನ್ನು ಮರೆತರೆ ಧಾ 16ರ ಮೇಲೆ ಬೀಳುತ್ತದೆ.

ಈಗ ನಿಜವಾದ ಬೋಲ್ ಹಾಕಿ ನೋಡೋಣ. ‘ತಿಟ ಕತ ಗದಿ ಗನ ಧಾ’. ಮಾತ್ರೆಗೆ ಎರಡು ಅಕ್ಷರದಂತೆ ನುಡಿಸಿದರೆ ತಿಟ, ಕತ, ಗದಿ, ಗನ ನಾಲ್ಕು ಮಾತ್ರೆ, ಧಾಗೆ ಒಂದು. ಒಟ್ಟು 5. ಸಮ್‌ನಿಂದಲೇ ಶುರು ಮಾಡಿದರೆ ನಮ್ಮ ಬಳಿ 16 ಮಾತ್ರೆ ಇದೆ, ಗುರಿ 17. ಮೂರು ಐದಲ ಹದಿನೈದು. ಉಳಿದಿದ್ದು 2. ಎರಡು ಬಿಡುವಿಗೆ ಹಂಚಿದರೆ ತಲಾ 1. ಹಾಗಾಗಿ:

- 1ರಿಂದ 4: ತಿಟ ಕತ ಗದಿ ಗನ
- 5: ಧಾ
- 6: ಬಿಡುವು
- 7ರಿಂದ 10: ತಿಟ ಕತ ಗದಿ ಗನ
- 11: ಧಾ
- 12: ಬಿಡುವು
- 13ರಿಂದ 16: ತಿಟ ಕತ ಗದಿ ಗನ
- 1 (ಸಮ್): ಧಾ

ಮೂರು ಧಾಗಳು ಬಿದ್ದ ಜಾಗ ನೋಡಿ. ಮೊದಲನೆಯದು 5ರ ಮೇಲೆ, ಚಪ್ಪಾಳೆ ಇರುವ ಕಡೆ. ಕಿವಿಗೆ ನೆಮ್ಮದಿ. ಎರಡನೆಯದು 11ರ ಮೇಲೆ, ಖಾಲಿ ಭಾಗದ ಮಧ್ಯೆ, ತಾಳದ ಆಸರೆಯೇ ಇಲ್ಲದ ಕಡೆ. ಅಲ್ಲಿ ಕೇಳುಗನಿಗೆ ‘ಅರೆ, ಇದು ಎಲ್ಲಿಗೆ ಹೋಗ್ತಿದೆ?’ ಅನ್ನಿಸುತ್ತದೆ. ಮೂರನೆಯದು ನೇರ ಸಮ್‌ಗೆ. ಮೂರೂ ಸಲ ಪದ ಒಂದೇ, ಆದರೆ ಪ್ರತಿ ಸಲ ತಾಳದ ಬೇರೆ ಬೇರೆ ಜಾಗದಲ್ಲಿ ಅದು ನಿಲ್ಲುತ್ತದೆ. ‘ಆಹಾ’ ಹುಟ್ಟುವುದು ಇಲ್ಲಿಂದ.

ಅದೇ ಪದಕ್ಕೆ ಬಿಡುವೇ ಬೇಡ ಅಂದರೆ? ಆಗ ಒಟ್ಟು 15, ಅಂದರೆ ಸಮ್‌ಗೆ 14 ಮಾತ್ರೆ ಇರುವಾಗ, 3ನೇ ಮಾತ್ರೆಯಿಂದ ಎತ್ತಬೇಕು. ಹೀಗೆ ನಿಲ್ಲದೆ ಓಡುವುದನ್ನು ‘ಬೇದಮ್’ ಅನ್ನುತ್ತಾರೆ, ಉಸಿರು ತೆಗೆದುಕೊಳ್ಳಲು ಬಿಡುವಿರುವುದನ್ನು ‘ದಮ್‌ದಾರ್’. ಇನ್ನೂ ತಡವಾಗಿ, 9ನೇ ಮಾತ್ರೆಯಿಂದ ಎತ್ತಬೇಕೆಂದರೆ ಉಳಿದದ್ದು 8, ಗುರಿ 9. ಬೋಲ್‌ನ ವೇಗ ಎರಡು ಪಟ್ಟು ಮಾಡಿ. ‘ತಿಟಕತ ಗದಿಗನ’ ಎರಡೇ ಮಾತ್ರೆಗೆ ಮುಗಿಯುತ್ತದೆ, ಧಾಗೆ ಒಂದು, ಒಟ್ಟು 3. ಮೂರು ಮೂರಲ ಒಂಬತ್ತು. ಬಿಡುವಿಲ್ಲದೆ ನೇರ ಸಮ್.

ಗುರಿ ಯಾವಾಗಲೂ ಸಮ್ ಆಗಿರಬೇಕು ಅಂತಲೂ ಇಲ್ಲ. ಸಿತಾರ್‌ನ ಮಸೀತ್‌ಖಾನಿ ಗತ್ ಶುರುವಾಗುವುದು 12ನೇ ಮಾತ್ರೆಯಿಂದ. ಅಲ್ಲಿ ವಾದಕ ತಿಹಾಯಿಯನ್ನು 12ಕ್ಕೆ ಮುಗಿಸಿ, ಅದೇ ಉಸಿರಲ್ಲಿ ಗತ್ ಹಿಡಿದು ಸಮ್‌ಗೆ ಬರಬಹುದು. ಸಮ್‌ನಿಂದ ಎತ್ತಿದರೆ 4 ಮಾತ್ರೆಯ ಪದ ಮೂರು ಸಲ, ಕೊನೆಯ ಪೆಟ್ಟು 12ರ ಮೇಲೆ. ಲೆಕ್ಕ ಅದೇ, ಊರು ಬೇರೆ.

ಎಲ್ಲಿ ಕೈ ಕೊಡುತ್ತದೆ

ಇಂಜಿನಿಯರಿಂಗ್ ಓದುವಾಗ ವೀಕೆಂಡ್‌ಗಳಲ್ಲಿ ತಬಲಾ ಕಲಿಯುತ್ತಿದ್ದೆ. ಕಾಲೇಜ್ ಫೆಸ್ಟ್‌ನಲ್ಲಿ ಮೇಲೆ ಬರೆದ ಸಮ್‌ನಿಂದ ಸಮ್‌ನ ತಿಹಾಯಿಯನ್ನೇ ನುಡಿಸಿದೆ. ಪೇಪರ್ ಮೇಲೆ ಲೆಕ್ಕ ಪಕ್ಕಾ ಇತ್ತು. ವೇದಿಕೆ ಮೇಲೆ ಎರಡೂ ಬಿಡುವನ್ನು ಅರ್ಧರ್ಧ ನುಂಗಿಬಿಟ್ಟೆ. ನನ್ನ ಮಹಾ ಧಾ 16ರ ಮೇಲೆ ಬಿತ್ತು. ಹಾರ್ಮೋನಿಯಂ ನುಡಿಸುತ್ತಿದ್ದ ಗೆಳೆಯ ಒಂದು ಮಾತ್ರೆ ಆದಮೇಲೆ ನಿಧಾನವಾಗಿ ಸಮ್‌ಗೆ ಬಂದು ನನ್ನ ಮುಖ ನೋಡಿದ.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು, ಸಮೀಕರಣದಲ್ಲೇ ಎಚ್ಚರಿಕೆ ಬರೆದಿತ್ತು. ಎತ್ತುವ ಜಾಗ ಒಂದು ಮಾತ್ರೆ ತಪ್ಪಿದರೆ ಕೊನೆಗೂ ಒಂದೇ ಮಾತ್ರೆ ತಪ್ಪು. ಆದರೆ ಬಿಡುವಿನ ತಪ್ಪು ಎರಡರಿಂದ ಗುಣಿಸಲ್ಪಡುತ್ತದೆ, ಪದದ ತಪ್ಪು ಮೂರರಿಂದ. ಪ್ರತಿ ಪದದಲ್ಲಿ ಕಾಲು ಮಾತ್ರೆ ಓಡಿದರೆ ಕೊನೆಗೆ ಮುಕ್ಕಾಲು ಮಾತ್ರೆ ಮುಂಚೆ ಬಂದು ನಿಂತಿರುತ್ತೀರಿ.

ಹಾಗಾದರೆ ಪದವೇ ಹೆಚ್ಚು ಅಪಾಯ ಅಲ್ವಾ? ಕಾಗದದ ಮೇಲೆ ಹೌದು. ಆದರೆ ಪದವನ್ನು ಕೈ ಸಾವಿರ ಸಲ ನುಡಿಸಿರುತ್ತದೆ, ಅದಕ್ಕೆ ತನ್ನದೇ ನಡಿಗೆ ಇದೆ. ಬಿಡುವಿನಲ್ಲಿ ಕೈಗೆ ಕೆಲಸ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಅರ್ಧ ಮಾತ್ರೆ ಅಂದರೆ ಕಾಲು ಸೆಕೆಂಡ್. ಜೋಶ್‌ನಲ್ಲಿದ್ದಾಗ ಅದನ್ನು ನುಂಗುವುದು ಕಷ್ಟವೇ ಅಲ್ಲ. ಅದಕ್ಕೇ ತಿಹಾಯಿಯನ್ನು ಬಾಯಲ್ಲಿ ಹೇಳಿ ಕಲಿಯುವಾಗ ಬಿಡುವಿನ ಜಾಗದಲ್ಲೂ ಒಂದು ಅಕ್ಷರ ಹಾಕಿಕೊಳ್ಳುತ್ತಾರೆ. ‘ಧಾ, ಒಂದು, ತಿಟ ಕತ’ ಅಂತ ಮನಸ್ಸಿನಲ್ಲಿ ಎಣಿಸಿಕೊಂಡರೂ ಸಾಕು.

ನುರಿತವರಿಗೂ ತಪ್ಪುತ್ತದೆ. ಬೇಗ ಬರುತ್ತಿದ್ದೇನೆ ಅಂತ ಎರಡನೇ ಧಾ ಹೊತ್ತಿಗೆ ಗೊತ್ತಾದರೆ ಎರಡನೇ ಬಿಡುವನ್ನು ಎಳೆದು ಸಮ್ ಹಿಡಿಯಬಹುದು. ಕೇಳುಗರಲ್ಲಿ ಬಹುತೇಕರು ಚಪ್ಪಾಳೆ ತಟ್ಟುತ್ತಾರೆ. ಆದರೆ ಎರಡು ಬಿಡುವು ಸಮ ಇರಲಿಲ್ಲ ಅಂತ ಪಕ್ಕದಲ್ಲಿ ಕೂತ ವಾದಕನಿಗೆ ತಿಳಿದಿರುತ್ತದೆ. ತೇಪೆ ಹಾಕಿದ್ದನ್ನು ಪತ್ತೆ ಹಚ್ಚುವ ದಾರಿಯೂ ಇದೇ: ಕೊನೆಯ ಧಾ ಸರಿಯಾಗಿ ಬಿತ್ತಾ ಅಂತ ಮಾತ್ರ ನೋಡಬೇಡಿ, ಎರಡು ಮೌನಗಳೂ ಒಂದೇ ಉದ್ದ ಇದ್ದವಾ ಕೇಳಿ.

ಮೂರರೊಳಗೆ ಮೂರು

ಇಡೀ ತಿಹಾಯಿಯನ್ನೇ ಒಂದು ಪದ ಅಂತ ಹಿಡಿದು, ಅದಕ್ಕೊಂದು ಪೀಠಿಕೆ ಕೂಡಿಸಿ ಮೂರು ಸಲ ನುಡಿಸಿದರೆ ‘ಚಕ್ರದಾರ್’. ಅದರಲ್ಲೂ ‘ಫರ್ಮಾಯಿಶಿ ಚಕ್ರದಾರ್’ ಅಂತ ಒಂದಿದೆ. ಅದರ ಷರತ್ತು ವಿಚಿತ್ರ. ಮೊದಲ ಸುತ್ತಿನ ಮೊದಲ ಧಾ, ಎರಡನೇ ಸುತ್ತಿನ ಎರಡನೇ ಧಾ, ಮೂರನೇ ಸುತ್ತಿನ ಮೂರನೇ ಧಾ, ಈ ಮೂರೂ ಸಮ್ ಮೇಲೆ ಬೀಳಬೇಕು.

ಅಸಾಧ್ಯ ಅನ್ನಿಸುತ್ತದಾ? ನಮ್ಮ 5 ಮಾತ್ರೆಯ ಪದವೇ ಸಾಕು. ಬಿಡುವಿಲ್ಲದೆ ಮೂರು ಸಲ ಅಂದರೆ 15. ಅದರ ಮುಂದೆ 12 ಮಾತ್ರೆಯ ಪೀಠಿಕೆ. ಒಂದು ಸುತ್ತು 27. ಸಮ್‌ನಿಂದ ಶುರು ಮಾಡಿ ಬಿಡದೆ ಎಣಿಸುತ್ತಾ ಹೋಗಿ. ಮೊದಲ ಸುತ್ತಿನ ಮೊದಲ ಧಾ 17ರಲ್ಲಿ, ಅದು ಸಮ್. ಎರಡನೇ ಸುತ್ತಿನ ಎರಡನೇ ಧಾ 27 + 22 = 49ರಲ್ಲಿ, ಮೂರು ಆವರ್ತನ ಮುಗಿದ ನಂತರದ ಸಮ್. ಮೂರನೇ ಸುತ್ತಿನ ಮೂರನೆಯದು 81ರಲ್ಲಿ, ಐದು ಆವರ್ತನ ಮುಗಿದ ನಂತರದ ಸಮ್. ಒಟ್ಟು ಒಂಬತ್ತು ಧಾ. ಮೊದಲನೆಯದು ಸಮ್‌ಗೆ ಬಿದ್ದಾಗಲೇ ಮುಗೀತು ಅಂತ ಚಪ್ಪಾಳೆ ತಟ್ಟಿದವರು ಮೋಸ ಹೋಗಿರುತ್ತಾರೆ.

ಕರ್ನಾಟಕ ಸಂಗೀತದಲ್ಲಿ

ಮೃದಂಗದ ತನಿ ಆವರ್ತನ ಕೇಳಿದವರಿಗೆ ಈ ಮೂರರ ಆಟ ಹೊಸದಲ್ಲ. ಕೋರ್ವೆಯ ಕೊನೆಯಲ್ಲಿ ‘ತದಿಗಿಣತೋಂ’ ಮೂರು ಸಲ ಬರುವುದನ್ನು ಕೇಳಿರುತ್ತೀರಿ. ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ. ಅಲ್ಲಿ ಸಾಮಾನ್ಯವಾಗಿ ಕೊನೆಯ ‘ತೋಂ’ ತನ್ನ ಪೂರ್ತಿ ಅವಧಿ ಮುಗಿಸುತ್ತದೆ, ಅದರ ಮುಂದಿನ ಹೆಜ್ಜೆ ಸಮ, ಇಲ್ಲವೇ ಹಾಡಿನ ಎತ್ತುಗಡೆ. ಹಾಗಾಗಿ ಲೆಕ್ಕದಲ್ಲಿ ಆ ‘+ 1’ ಇರುವುದಿಲ್ಲ. ಹಿಂದೂಸ್ತಾನಿಯಲ್ಲಿ ಕೊನೆಯ ಪೆಟ್ಟೇ ಗುರಿಗೆ ಬಡಿಯುತ್ತದೆ. ಇಲ್ಲಿ ಕೊನೆಯ ಪೆಟ್ಟು ಗುರಿಯ ಬಾಗಿಲವರೆಗೆ ಬಂದು ಹಾಡಿಗೆ ದಾರಿ ಬಿಡುತ್ತದೆ.

ಹಾಗಾದರೆ ಇದು ಬಾಯಿಪಾಠವಾ?

ಕಾಮೆಂಟ್‌ಗಳಲ್ಲಿ ಆಗಾಗ ಬರುವ ತಕರಾರು ಇದು. ಮೊದಲೇ ಲೆಕ್ಕ ಹಾಕಿಟ್ಟದ್ದನ್ನು ಮನೋಧರ್ಮ ಅಂತ ಹೇಗೆ ಕರೆಯೋದು? ತಕರಾರಿನಲ್ಲಿ ಅರ್ಧ ಸತ್ಯ ಇದೆ. ಫರ್ಮಾಯಿಶಿ ಚಕ್ರದಾರ್‌ನಂಥ ದೊಡ್ಡ ರಚನೆಗಳನ್ನು ಕಲಿತೇ ಬಂದಿರುತ್ತಾರೆ, ಸ್ಥಳದಲ್ಲೇ ಯಾರೂ 81 ಎಣಿಸುವುದಿಲ್ಲ. ಚಪ್ಪಾಳೆಗಾಗಿ ಎರಡು ನಿಮಿಷಕ್ಕೊಂದು ತಿಹಾಯಿ ಎಸೆಯುವವರೂ ಇದ್ದಾರೆ, ಐದನೇ ತಿಹಾಯಿಗೆ ಯಾರಿಗೂ ಮೈ ಜುಮ್ಮೆನ್ನುವುದಿಲ್ಲ. ಖಯಾಲ್ ಗಾಯನದಲ್ಲಿ ಸಮ್‌ಗೆ ಬರುವ ರಾಜಮಾರ್ಗ ಇವತ್ತಿಗೂ ತಿಹಾಯಿಯಲ್ಲ, ಬಂದಿಶ್‌ನ ಮುಖಡಾ.

ಉಳಿದರ್ಧ ಬೇರೆ. ಆಲೋಚನೆಯ ಹರಿವಿನಲ್ಲಿ 9ನೇ ಮಾತ್ರೆಗೆ ಬಂದು ನಿಂತಾಗ, ಅಲ್ಲಿಂದ ಸಮ್‌ಗೆ ಮೂರರ ದಾರಿ ಇದೆ ಅಂತ ಹೊಳೆಯಬೇಕು. ಪದದ ಉದ್ದ, ವೇಗ, ಬಿಡುವು, ಎಲ್ಲ ಆ ಅರ್ಧ ಸೆಕೆಂಡಿನಲ್ಲೇ ತೀರ್ಮಾನವಾಗಬೇಕು. ಮಗ್ಗಿ ಬಾಯಿಗೆ ಬರುವವರಿಗೆಲ್ಲ ಅಂಗಡಿ ನಡೆಸಲು ಬರುವುದಿಲ್ಲ. ಕಲಿತದ್ದು ಮಗ್ಗಿ, ಎಲ್ಲಿಂದ ಎತ್ತಬೇಕು ಅನ್ನುವುದು ಆ ಹೊತ್ತಿನ ನಿರ್ಧಾರ.

ಮುಂದಿನ ಕಛೇರಿಯಲ್ಲಿ ಮೊದಲ ಧಾ ಕೇಳಿದಾಗ ಎಣಿಸಲು ಹೋಗಬೇಡಿ. ಅದರ ನಂತರದ ಮೌನ ಎಷ್ಟು ಉದ್ದ ಅಂತಷ್ಟೇ ಗಮನಿಸಿ. ಎರಡನೇ ಧಾ ನಂತರ ಅಷ್ಟೇ ಉದ್ದದ ಮೌನ ಬಂತೆಂದರೆ, ಮೂರನೆಯದು ಎಲ್ಲಿ ಬೀಳುತ್ತದೆ ಅಂತ ನಿಮಗೂ ವಾದಕನಿಗೂ ಒಟ್ಟಿಗೇ ಗೊತ್ತಾಗಿರುತ್ತದೆ.