ವಾತಶೈತ್ಯ ಮತ್ತು ಉಡುಪು

ಹವಾವರದಿಗಳಲ್ಲಿ ವಿಂಡ್ ಚಿಲ್ ಎನಿಸಿಕೊಳ್ಳುವ ವಾತಶೈತ್ಯವು, ಗಾಳಿಯ ವೇಗದಿಂದ ತೆರೆದ ಚರ್ಮಕ್ಕೆ ಒದಗುವ ಅಧಿಕ ಶೈತ್ಯ. ನಿಶ್ಚಲ ವಾಯುವಿನಲ್ಲಿ ಶರೀರವು ತನ್ನ ಶಾಖದಿಂದಲೇ ಬೆಚ್ಚಗಾಗಿಸಿದ ತೆಳುವಾದ ಗಾಳಿಯ ಪದರವೊಂದು ಚರ್ಮವನ್ನು ಆವರಿಸಿರುವುದು. ಬೀಸುವ ಗಾಳಿ ಅದನ್ನು ಕ್ಷಣಕ್ಷಣಕ್ಕೂ ಅಪಹರಿಸುವುದರಿಂದ, ಉಷ್ಣಮಾಪಕವು ಕದಲದಿದ್ದರೂ ಮೈ ನಡುಗುತ್ತದೆ.

ಅಮೆರಿಕ ಮತ್ತು ಕೆನಡಾಗಳು 2001ರಲ್ಲಿ ಅಂಗೀಕರಿಸಿದ ಸೂತ್ರದಂತೆ, 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಅನುಭವಕ್ಕೆ ಬರುವುದು ಸುಮಾರು 6 ಡಿಗ್ರಿಯ ಚಳಿ. ಈ ಗಣನೆಯಲ್ಲಿನ ವೇಗವು ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದದ್ದು; ಮುಖದ ಮಟ್ಟದಲ್ಲಿ ಅದು ಮೂರನೆಯ ಎರಡು ಭಾಗವೆಂದು ಭಾವಿಸಲಾಗಿದೆ. ಆದ್ದರಿಂದ ಬೀದರಿನ ಮಾಗಿಯ ಮುಂಜಾನೆ, ಎಲೆಯೂ ಅಲುಗದಿರುವಾಗ, ಅದೇ 10 ಡಿಗ್ರಿಯಲ್ಲಿ 40ರ ವೇಗದಿಂದ ಸ್ಕೂಟರ್ ಓಡಿಸುವವನು ತಾನೇ ಸೃಷ್ಟಿಸಿದ ಗಾಳಿಗೆ ನೇರವಾಗಿ ಮುಖವೊಡ್ಡುವನಾಗಿ, ಅವನಿಗೆ ಅದು 5 ಡಿಗ್ರಿಯಂತೆಯೇ ತೋರುವುದು.

ಇಂಥವನಿಗೆ ದಪ್ಪ ಸ್ವೆಟರೊಂದೇ ಸಾಲದು. ಉಣ್ಣೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಸೆರೆಹಿಡಿದ ಗಾಳಿಯಿಂದ. ಸಡಿಲ ಹೆಣಿಗೆಯೊಳಗೆ ಹೊರಗಾಳಿ ನುಗ್ಗಿದೊಡನೆ ಆ ಗುಣ ಕುಗ್ಗುತ್ತದೆ. ಅದರ ಮೇಲೆ ಒತ್ತಾಗಿ ನೇಯ್ದ ತೆಳು ಜಾಕೆಟೊಂದನ್ನು ಧರಿಸಿ, ಕೊರಳು, ಕಿವಿ, ಬೆರಳುಗಳನ್ನು ಮುಚ್ಚುವುದು ಎರಡನೆಯ ಸ್ವೆಟರಿಗಿಂತ ಫಲಕಾರಿ. ತೋಳಿನಲ್ಲಿ ಚಳಿ ಹರಿದಂತಾದರೆ ಗಾಳಿ ಒಳಹೊಕ್ಕಿತೆಂದೇ ತಿಳಿಯಬೇಕು. ಸೂತ್ರವು ಒಣ ಚರ್ಮವನ್ನಷ್ಟೇ ಗಣಿಸುವುದು. ಬೆವರಿಗೋ ಇಬ್ಬನಿಗೋ ನೆನೆದ ಬಟ್ಟೆಯಲ್ಲಿ ಶಾಖನಷ್ಟ ಇನ್ನೂ ಹೆಚ್ಚು.