ಜನ್ಮಸ್ಥಳದ ಈಗಿನ ಹೆಸರು ಮತ್ತು ವ್ಯಾಪ್ತಿಯನ್ನು ಕಂಡುಕೊಳ್ಳುವ ವಿಧಾನ

ಪಾಸ್‌ಪೋರ್ಟ್ ಮೊದಲಾದ ಸೇವೆಗಳ ಅರ್ಜಿ ನಮೂನೆಗಳಲ್ಲಿ ಜನ್ಮಸ್ಥಳವನ್ನು ಗ್ರಾಮ ಅಥವಾ ಪಟ್ಟಣ, ಜಿಲ್ಲೆ, ರಾಜ್ಯ ಎಂದು ಪ್ರತ್ಯೇಕವಾಗಿ ಕೇಳಲಾಗುತ್ತದೆ. ಜನನವಾದ ನಂತರ ಊರಿನ ಹೆಸರು ಬದಲಾಗಿದ್ದಲ್ಲಿ, ಊರು ಬೇರೆ ಜಿಲ್ಲೆಗೆ ಸೇರಿದ್ದಲ್ಲಿ ಅಥವಾ ಜಲಾಶಯದಲ್ಲಿ ಮುಳುಗಡೆಯಾಗಿದ್ದಲ್ಲಿ ಏನನ್ನು ಬರೆಯಬೇಕೆಂಬ ಸಂದೇಹ ಅರ್ಜಿದಾರರಿಗೆ ಉಂಟಾಗುವುದು ಸಹಜ. ಈ ಸಂದೇಹವನ್ನು ಪರಿಹರಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿದಿರಬೇಕಾದ ಅಂಶ

ಜನನ ನೋಂದಣಿ ಪುಸ್ತಕದಲ್ಲಿ ನಮೂದಾಗಿರುವ ಸ್ಥಳದ ಹೆಸರು ಆ ದಿನದ ದಾಖಲೆಯಾಗಿರುತ್ತದೆ. ಊರಿನ ಅಥವಾ ಜಿಲ್ಲೆಯ ಹೆಸರು ನಂತರ ಬದಲಾದ ಮಾತ್ರಕ್ಕೆ ಆ ನಮೂದು ತಪ್ಪಾಗುವುದಿಲ್ಲ. ಅದನ್ನು ತಿದ್ದಿಸುವ ಅಗತ್ಯವೂ ಇರುವುದಿಲ್ಲ. ಅರ್ಜಿದಾರರು ತೋರಿಸಬೇಕಾದುದು ಇಷ್ಟೇ: ದಾಖಲೆಯಲ್ಲಿರುವ ಹಳೆಯ ಸ್ಥಳ ಮತ್ತು ಅರ್ಜಿಯಲ್ಲಿ ಬರೆದ ಈಗಿನ ಸ್ಥಳ ಎರಡೂ ಒಂದೇ.

ಬದಲಾವಣೆಯ ಮೂರು ಬಗೆಗಳು

ಒಂದು, ಹೆಸರಿನ ಬದಲಾವಣೆ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಿಂದ ಕರ್ನಾಟಕವೆಂಬ ಹೆಸರು ಬಂದಿತು. 2014ರ ನವೆಂಬರ್ 1ರಿಂದ ಬಿಜಾಪುರವು ವಿಜಯಪುರವೆಂದೂ, ಗುಲ್ಬರ್ಗವು ಕಲಬುರಗಿಯೆಂದೂ ಬದಲಾದವು.

ಎರಡು, ವ್ಯಾಪ್ತಿಯ ಬದಲಾವಣೆ. ಊರಿನ ಹೆಸರು ಹಾಗೆಯೇ ಇದ್ದು ಅದರ ಮೇಲಿನ ತಾಲ್ಲೂಕು ಅಥವಾ ಜಿಲ್ಲೆ ಬದಲಾಗುತ್ತದೆ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಅಲ್ಲಿ ಜನಿಸಿದ ಒಂದೇ ಕುಟುಂಬದವರ ದಾಖಲೆಗಳಲ್ಲಿ ಮೂರು ಜಿಲ್ಲೆಗಳ ಹೆಸರುಗಳಿರಲು ಸಾಧ್ಯ. ನಗರಕ್ಕೆ ಸೇರ್ಪಡೆಯಾದ ಗ್ರಾಮಗಳೂ ಇದೇ ಬಗೆಗೆ ಸೇರುತ್ತವೆ. 2007ರಲ್ಲಿ 110 ಗ್ರಾಮಗಳು ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದವು. ಭೂದಾಖಲೆಗಳಲ್ಲಿ ಆ ಗ್ರಾಮಗಳ ಹೆಸರುಗಳನ್ನು ಇಂದಿಗೂ ಕಾಣಬಹುದು.

ಮೂರು, ಮುಳುಗಡೆ. ಇದನ್ನು ಮುಂದೆ ಉದಾಹರಣೆಯೊಂದಿಗೆ ವಿವರಿಸಲಾಗಿದೆ.

ಹುಡುಕುವ ಕ್ರಮ

1. ಜನನ ಪ್ರಮಾಣಪತ್ರ, ಶಾಲಾ ವರ್ಗಾವಣೆ ಪತ್ರ ಅಥವಾ ತಂದೆಯ ಹೆಸರಿನ ಹಳೆಯ ಪಹಣಿಯಿಂದ ಗ್ರಾಮ, ಹೋಬಳಿ, ತಾಲ್ಲೂಕು ಮತ್ತು ಜಿಲ್ಲೆ ನಾಲ್ಕನ್ನೂ ಬರೆದುಕೊಳ್ಳಬೇಕು. ಒಂದೇ ಹೆಸರಿನ ಗ್ರಾಮಗಳು ಅನೇಕ ಇರುವುದರಿಂದ ಗ್ರಾಮದ ಹೆಸರೊಂದೇ ಸಾಲದು.

2. ಹುಟ್ಟಿದ ವರ್ಷದಿಂದ ಇಂದಿನವರೆಗೆ ಆ ತಾಲ್ಲೂಕು ಯಾವ ಯಾವ ಜಿಲ್ಲೆಯಲ್ಲಿತ್ತು ಎಂಬುದನ್ನು ವರ್ಷವಾರು ಪಟ್ಟಿ ಮಾಡಬೇಕು. ಜಿಲ್ಲೆಯ ಹೆಸರಿನಿಂದ ಆರಂಭಿಸದೆ ತಾಲ್ಲೂಕಿನಿಂದಲೇ ಆರಂಭಿಸಬೇಕು. ಇತ್ತೀಚೆಗೆ ಅನೇಕ ಹೊಸ ತಾಲ್ಲೂಕುಗಳು ರಚನೆಯಾಗಿರುವುದರಿಂದ, ಗ್ರಾಮವು ಈಗಲೂ ಹಳೆಯ ತಾಲ್ಲೂಕಿನಲ್ಲಿಯೇ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

3. ಈಗಿನ ಹೆಸರು ದೊರೆತ ನಂತರ ಅದನ್ನು ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯಲ್ಲಿ (lgdirectory.gov.in) ಪರಿಶೀಲಿಸಬಹುದು. ಹಳೆಯ ಹೆಸರನ್ನು ತಾಳೆ ನೋಡಲು ಆಯಾ ದಶಕದ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿರುವ ತಾಲ್ಲೂಕುವಾರು ಗ್ರಾಮಗಳ ಪಟ್ಟಿ ಉಪಯುಕ್ತವಾಗಿರುತ್ತದೆ.

4. ಲಿಖಿತ ಆಧಾರ ಬೇಕಾದಲ್ಲಿ, ಬದಲಾವಣೆಯನ್ನು ಪ್ರಕಟಿಸಿದ ರಾಜ್ಯಪತ್ರದ ಅಧಿಸೂಚನೆಯ ಪ್ರತಿಯನ್ನು ಪಡೆಯಬಹುದು ಅಥವಾ ಈಗಿನ ತಾಲ್ಲೂಕಿನ ತಹಶೀಲ್ದಾರರಿಗೆ ದೃಢೀಕರಣ ಕೋರಿ ಮನವಿ ಸಲ್ಲಿಸಬಹುದು.

ಉದಾಹರಣೆ: ಆಲಮಟ್ಟಿ ಹಿನ್ನೀರಿನ ಗ್ರಾಮ

ಬಾಗಲಕೋಟೆ ತಾಲ್ಲೂಕಿನ ನದಿತೀರದ ಒಂದು ಗ್ರಾಮದಲ್ಲಿ 1954ರಲ್ಲಿ ಜನಿಸಿದ ವ್ಯಕ್ತಿಯೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದಲ್ಲಿ ಗ್ರಾಮವು ಮುಳುಗಡೆಯಾಗಿದ್ದು, ಗ್ರಾಮಸ್ಥರು ಪುನರ್ವಸತಿ ಕೇಂದ್ರಕ್ಕೆ ಸ್ಥಳಾಂತರಗೊಂಡಿದ್ದಾರೆ. ಅವರ ಬಳಿ ಇರುವ ದಾಖಲೆಯಲ್ಲಿ ಜಿಲ್ಲೆ ಬಿಜಾಪುರವೆಂದೂ, ರಾಜ್ಯ ಮುಂಬಯಿಯೆಂದೂ ಇದೆ.

ತಾಲ್ಲೂಕಿನಿಂದ ಆರಂಭಿಸಿದರೆ ಪಟ್ಟಿ ಹೀಗಾಗುತ್ತದೆ:

- 1954: ಬಾಗಲಕೋಟೆ ತಾಲ್ಲೂಕು, ಬಿಜಾಪುರ ಜಿಲ್ಲೆ, ಮುಂಬಯಿ ರಾಜ್ಯ
- 1956ರ ನವೆಂಬರ್ 1ರಿಂದ: ಅದೇ ತಾಲ್ಲೂಕು, ಅದೇ ಜಿಲ್ಲೆ, ಮೈಸೂರು ರಾಜ್ಯ
- 1973ರ ನವೆಂಬರ್ 1ರಿಂದ: ಅದೇ ತಾಲ್ಲೂಕು, ಅದೇ ಜಿಲ್ಲೆ, ಕರ್ನಾಟಕ ರಾಜ್ಯ
- 1997ರಿಂದ: ಬಾಗಲಕೋಟೆ ತಾಲ್ಲೂಕು, ಬಾಗಲಕೋಟೆ ಜಿಲ್ಲೆ, ಕರ್ನಾಟಕ ರಾಜ್ಯ

ಇಲ್ಲಿ ಅರ್ಜಿದಾರರು ಎರಡು ತಪ್ಪುಗಳನ್ನು ಮಾಡುವ ಸಂಭವವಿದೆ.

ಮೊದಲನೆಯದು ಜಿಲ್ಲೆಗೆ ಸಂಬಂಧಿಸಿದುದು. ಬಿಜಾಪುರದ ಈಗಿನ ಹೆಸರು ವಿಜಯಪುರ ಎಂದು ತಿಳಿದವರು ಅರ್ಜಿಯಲ್ಲಿ ವಿಜಯಪುರ ಜಿಲ್ಲೆಯನ್ನು ಆರಿಸುತ್ತಾರೆ. ಇದು ಸರಿಯಲ್ಲ. 2014ರಲ್ಲಿ ಹೆಸರು ಬದಲಾದದ್ದು ಆಗ ಉಳಿದಿದ್ದ ಬಿಜಾಪುರ ಜಿಲ್ಲೆಗೆ ಮಾತ್ರ. ಬಾಗಲಕೋಟೆ ತಾಲ್ಲೂಕು ಅದಕ್ಕೂ 17 ವರ್ಷಗಳ ಮೊದಲೇ ಪ್ರತ್ಯೇಕ ಜಿಲ್ಲೆಗೆ ಸೇರಿತ್ತು. ಹಳೆಯ ಜಿಲ್ಲೆಯ ಹೆಸರಿಗೆ ಹೊಸ ಹೆಸರನ್ನು ನೇರವಾಗಿ ಬದಲಿಸುವುದರಿಂದ ಆಗುವ ತಪ್ಪು ಇದಾಗಿದೆ.

ಎರಡನೆಯದು ಗ್ರಾಮಕ್ಕೆ ಸಂಬಂಧಿಸಿದುದು. ಪುನರ್ವಸತಿ ಕೇಂದ್ರವು ಜನ್ಮಸ್ಥಳವಲ್ಲ. ಅದು ಈಗಿನ ವಾಸಸ್ಥಳ ಮಾತ್ರ. ಕೇಂದ್ರಕ್ಕೆ ಹಳೆಯ ಗ್ರಾಮದ ಹೆಸರನ್ನೇ ಇಟ್ಟಿದ್ದರೂ, ಅದಕ್ಕೆ ಬೇರೊಂದು ಗ್ರಾಮದ ಜಮೀನನ್ನು ಬಳಸಲಾಗಿರಬಹುದು. ಹೋಬಳಿ ಅಥವಾ ತಾಲ್ಲೂಕು ಸಹ ಬೇರೆಯಾಗಿರಬಹುದು. ಆದುದರಿಂದ ಜನ್ಮಸ್ಥಳದ ಅಂಕಣದಲ್ಲಿ ಮುಳುಗಡೆಯಾದ ಗ್ರಾಮದ ಹೆಸರನ್ನೂ, ವಿಳಾಸದ ಅಂಕಣದಲ್ಲಿ ಪುನರ್ವಸತಿ ಕೇಂದ್ರದ ಹೆಸರನ್ನೂ ಬರೆಯಬೇಕು.

ಊರು ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಅದರ ಹೆಸರು ಕಂದಾಯ ದಾಖಲೆಗಳಿಂದ ಅಳಿಸಿಹೋಗುವುದಿಲ್ಲ. ಜನವಸತಿಯಿಲ್ಲದ ಗ್ರಾಮವನ್ನು ಕಂದಾಯ ಪರಿಭಾಷೆಯಲ್ಲಿ ‘ಬೇಚರಾಕ್’ ಗ್ರಾಮ ಎನ್ನುತ್ತಾರೆ. ಇಂತಹ ಗ್ರಾಮಕ್ಕೂ ತಾಲ್ಲೂಕಿನ ಗ್ರಾಮಗಳ ಪಟ್ಟಿಯಲ್ಲಿ ಸ್ಥಾನವಿರುತ್ತದೆ. ಜನಗಣತಿ ಕೈಪಿಡಿಯಲ್ಲಿಯೂ ಅದನ್ನು ಜನವಸತಿರಹಿತವೆಂದು ತೋರಿಸಲಾಗುತ್ತದೆ. ಅರ್ಜಿ ನಮೂನೆಯ ಪಟ್ಟಿಯಲ್ಲಿ ಗ್ರಾಮದ ಹೆಸರು ಕಾಣದಿದ್ದಲ್ಲಿ ಈ ಎರಡು ಪಟ್ಟಿಗಳನ್ನು ನೋಡಬೇಕು.

ಉದಾಹರಣೆಯ ಅರ್ಜಿದಾರರು ಗ್ರಾಮದ ಅಂಕಣದಲ್ಲಿ ಹಳೆಯ ಗ್ರಾಮದ ಹೆಸರು, ಜಿಲ್ಲೆಯ ಅಂಕಣದಲ್ಲಿ ಬಾಗಲಕೋಟೆ, ರಾಜ್ಯದ ಅಂಕಣದಲ್ಲಿ ಕರ್ನಾಟಕ ಎಂದು ಬರೆಯಬೇಕು. ಹಳೆಯ ದಾಖಲೆಯಲ್ಲಿ ಬಿಜಾಪುರ ಜಿಲ್ಲೆ ಎಂದು ಏಕಿದೆ ಎಂಬುದನ್ನು ತಿಳಿಸುವ ವಿವರಣಾ ಪತ್ರವನ್ನು ಮೇಲಿನ ವರ್ಷವಾರು ಪಟ್ಟಿಯೊಂದಿಗೆ ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು.

ಮುಳುಗಡೆ ಗ್ರಾಮಕ್ಕೆ ಪೂರಕ ದಾಖಲೆಗಳು

ಮೂಲ ಗ್ರಾಮ ಯಾವುದೆಂದು ಸಾಬೀತುಪಡಿಸಬೇಕಾದಾಗ ಭೂಸ್ವಾಧೀನದ ಐತೀರ್ಪು ಅತ್ಯಂತ ಸಹಾಯಕವಾಗುತ್ತದೆ. ಅದರಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು ಮತ್ತು ಖಾತೆದಾರರ ಹೆಸರುಗಳಿರುತ್ತವೆ. ಪುನರ್ವಸತಿ ಕೇಂದ್ರದಲ್ಲಿ ನಿವೇಶನ ನೀಡಿದ ಹಕ್ಕುಪತ್ರದಲ್ಲಿ ಮೂಲ ಗ್ರಾಮದ ಉಲ್ಲೇಖವಿದ್ದಲ್ಲಿ ಅದನ್ನೂ ಬಳಸಬಹುದು. ಗ್ರಾಮ ಎಲ್ಲಿತ್ತೆಂದು ತೋರಿಸಲು ಭೂಮಾಪನ ಇಲಾಖೆಯ ಗ್ರಾಮ ನಕಾಶೆ ನೆರವಾಗುತ್ತದೆ. ಆದರೆ ಇವು ಗ್ರಾಮವನ್ನು ಗುರುತಿಸುತ್ತವೆಯೇ ಹೊರತು ಅರ್ಜಿದಾರರು ಅಲ್ಲಿಯೇ ಜನಿಸಿದರೆಂಬುದನ್ನು ಸಾಬೀತುಪಡಿಸುವುದಿಲ್ಲ.

ಜನನ ದಾಖಲೆಯೇ ದೊರೆಯದಿದ್ದಲ್ಲಿ

ಜನನ ಮರಣ ನೋಂದಣಿ ಅಧಿನಿಯಮ, 1969 ಜಾರಿಗೆ ಬರುವ ಮೊದಲು ಸಂಭವಿಸಿದ ಅನೇಕ ಜನನಗಳು ನೋಂದಣಿಯಾಗಿಲ್ಲ. ಹಳೆಯ ಪುಸ್ತಕಗಳನ್ನು ಹುಡುಕಲು ಕೋರುವಾಗ ಹುಟ್ಟಿದ ದಿನದಂದು ಇದ್ದ ಗ್ರಾಮ ಮತ್ತು ತಾಲ್ಲೂಕಿನ ಹೆಸರನ್ನೇ ಕೊಡಬೇಕು. ಹೊಸ ಹೆಸರಿನಲ್ಲಿ ಹುಡುಕಿದರೆ ಇರುವ ದಾಖಲೆಯೂ ದೊರೆಯದಿರಬಹುದು. ಹುಡುಕಿದರೂ ನಮೂದು ಕಂಡುಬರದಿದ್ದಲ್ಲಿ ನೋಂದಣಾಧಿಕಾರಿಗಳಿಂದ ಅಲಭ್ಯತಾ ಪ್ರಮಾಣಪತ್ರವನ್ನು ಪಡೆದು, ವಿಳಂಬ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಆ ಅರ್ಜಿಯಲ್ಲಿ ಹಳೆಯ ಮತ್ತು ಈಗಿನ ಎರಡೂ ವಿವರಗಳನ್ನು ನಮೂದಿಸಿದಲ್ಲಿ ಮುಂದೆ ಇದೇ ಸಂದೇಹ ಮತ್ತೆ ಏಳುವುದು ತಪ್ಪುತ್ತದೆ.